ಅಪಘಾತದ ಹಾಟ್‌ಸ್ಪಾಟ್ ಹುಡುಕುವಾಗ ರೇಡಿಯಸ್ ಎಷ್ಟಿರಬೇಕು? ನಾನು ತೀರ್ಮಾನಿಸಿದ ಬಗೆ

ಒಂದು ನಗರದ ನಾಲ್ಕು ವರ್ಷಗಳ ರಸ್ತೆ ಅಪಘಾತದ ದಾಖಲೆ ನನ್ನ ಕೈಗೆ ಬಂತು. ಪ್ರತಿ ಅಪಘಾತಕ್ಕೂ ತಾರೀಖು, ಪೆಟ್ಟಿನ ತೀವ್ರತೆ, ಸಿಕ್ಕಿಕೊಂಡ ವಾಹನಗಳು, ಅಕ್ಷಾಂಶ-ರೇಖಾಂಶ, ಜೊತೆಗೆ ಒಂದೆರಡು ಸಾಲಿನ ವಿವರಣೆ ಇತ್ತು. ಮೊದಲು ಎಲ್ಲೆಲ್ಲಿ ರಸ್ತೆ ಸರಿಪಡಿಸಬೇಕು ಅಂತ ಪಟ್ಟಿ ಕೊಡಬೇಕಿತ್ತು. ಇಂಥ ಕೆಲಸಕ್ಕೆ ಕರ್ನೆಲ್ ಡೆನ್ಸಿಟಿ ಮ್ಯಾಪ್ ಮಾಡುವುದು ರೂಢಿ. ಮ್ಯಾಪ್ ಮಾಡುವ ಸಾಫ್ಟ್‌ವೇರ್ QGIS ನಲ್ಲಿ ಅದು ಕೆಲವೇ ಕ್ಲಿಕ್‌ಗಳ ಕೆಲಸ. ಆದರೆ ಅಲ್ಲೊಂದು ಖಾಲಿ ಜಾಗ ಇರುತ್ತದೆ: ರೇಡಿಯಸ್. ಅಲ್ಲಿ 100 ಬರೆದರೆ ಒಂದು ಪಟ್ಟಿ ಬರುತ್ತದೆ, 500 ಬರೆದರೆ ಬೇರೆಯೇ ಪಟ್ಟಿ ಬರುತ್ತದೆ. ಬಣ್ಣ ಯಾವುದು, ಕರ್ನೆಲ್‌ನ ಆಕಾರ ಯಾವುದು ಅನ್ನುವುದರಿಂದ ಇಷ್ಟು ವ್ಯತ್ಯಾಸ ಆಗುವುದಿಲ್ಲ. ಹಾಗಾಗಿ ನನ್ನ ಸಮಯದ ಹೆಚ್ಚಿನ ಪಾಲು ಆ ಒಂದು ಸಂಖ್ಯೆಗೇ ಹೋಯಿತು. ಅದನ್ನು ಹೇಗೆ ತೀರ್ಮಾನಿಸಿದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಳಗೆ ಏನಾಗುತ್ತದೆ ಅಂತ ನೋಡೋಣ. ಪ್ರತಿ ಅಪಘಾತದ ಜಾಗದಲ್ಲಿ ಒಂದೊಂದು ಮರಳಿನ ಗುಪ್ಪೆ ಸುರಿದ ಹಾಗೆ. ಗುಪ್ಪೆಗಳು ಒಂದರ ಮೇಲೊಂದು ಬಿದ್ದಲ್ಲಿ ಎತ್ತರ ಜಾಸ್ತಿಯಾಗುತ್ತದೆ, ಆ ಎತ್ತರವೇ ಡೆನ್ಸಿಟಿ. ಗುಪ್ಪೆ ಎಷ್ಟು ಅಗಲಕ್ಕೆ ಹರಡಬೇಕು ಅನ್ನುವುದನ್ನು ರೇಡಿಯಸ್ ಹೇಳುತ್ತದೆ. ಇದಕ್ಕೇ ಬ್ಯಾಂಡ್‌ವಿಡ್ತ್ ಅಂತಲೂ ಅನ್ನುತ್ತಾರೆ. QGIS ನಲ್ಲಿ ತಾನಾಗಿ ಆಯ್ಕೆಯಾಗಿರುವ ಕ್ವಾರ್ಟಿಕ್ ಕರ್ನೆಲ್‌ನಲ್ಲಿ, ಅಪಘಾತದಿಂದ `d` ಮೀಟರ್ ದೂರದ ಜಾಗಕ್ಕೆ ಸಿಗುವ ತೂಕ ಇಷ್ಟು:

```
w = (1 - (d/h)^2)^2      d < h ಇದ್ದಾಗ
w = 0                    d >= h ಇದ್ದಾಗ
```

ಇಲ್ಲಿ `h` ಅಂದರೆ ರೇಡಿಯಸ್. `h` 200 ಮೀಟರ್ ಇದ್ದರೆ, ಅಪಘಾತದ ಜಾಗದಲ್ಲೇ ತೂಕ 1, 100 ಮೀಟರ್ ದೂರದಲ್ಲಿ 0.56, 200 ಮೀಟರ್‌ಗೆ ಸೊನ್ನೆ. ಅಷ್ಟೇ ಲೆಕ್ಕ. ಒಂದು ವಿಷಯ ಮಾತ್ರ ಮೊದಲೇ ನೋಡಿಕೊಳ್ಳಬೇಕು. ಡೇಟಾ ಮೀಟರ್ ಲೆಕ್ಕದ ಪ್ರೊಜೆಕ್ಷನ್‌ನಲ್ಲಿ ಇರಬೇಕು, ಉದಾಹರಣೆಗೆ UTM. ಅಕ್ಷಾಂಶ-ರೇಖಾಂಶದ ಮೇಲೆಯೇ ಓಡಿಸಿದರೆ ರೇಡಿಯಸ್ಸನ್ನು ಡಿಗ್ರಿಯಲ್ಲಿ ಕೊಡಬೇಕಾಗುತ್ತದೆ. ಒಂದು ಡಿಗ್ರಿ ರೇಖಾಂಶದ ಉದ್ದ ಎಲ್ಲ ಕಡೆ ಒಂದೇ ಅಲ್ಲ, ಹಾಗಾಗಿ ಗುಪ್ಪೆ ದುಂಡಗೆ ಇರುವುದಿಲ್ಲ.

ರೇಡಿಯಸ್ ಖಾಲಿ ಬಿಟ್ಟರೆ ಕೆಲವು ಸಾಫ್ಟ್‌ವೇರ್ ತಾವೇ ಒಂದನ್ನು ಲೆಕ್ಕ ಹಾಕುತ್ತವೆ. ArcGIS ನ Kernel Density ಬಳಸುವುದು ಸಿಲ್ವರ್‌ಮನ್ ಸೂತ್ರದ ಒಂದು ರೂಪವನ್ನು:

```
h = 0.9 * min(SD, sqrt(1/ln 2) * Dm) * n^(-0.2)
```

`SD` ಅಂದರೆ ಎಲ್ಲ ಬಿಂದುಗಳು ನಡುವಿನ ಕೇಂದ್ರದಿಂದ ಎಷ್ಟು ಹರಡಿಕೊಂಡಿವೆ ಅನ್ನುವ ಅಳತೆ. `Dm` ಅಂದರೆ ಕೇಂದ್ರದಿಂದ ಇರುವ ದೂರಗಳ ಮಧ್ಯಾಂಕ. `n` ಅಪಘಾತಗಳ ಸಂಖ್ಯೆ. ಹರಡುವಿಕೆ 4 ಕಿಲೋಮೀಟರ್, ಅಪಘಾತ 3,000 ಅಂತ ಇಟ್ಟುಕೊಳ್ಳಿ. 0.9 × 4000 × 0.202, ಅಂದರೆ ಸುಮಾರು 726 ಮೀಟರ್ ಬರುತ್ತದೆ.

ಈ ಸೂತ್ರದಲ್ಲಿ ರಸ್ತೆಯ ಬಗ್ಗೆ ಏನಾದರೂ ಇದೆಯಾ? ಏನೂ ಇಲ್ಲ. ಇರುವುದು ಇಡೀ ನಗರದ ಹರಡುವಿಕೆ ಮತ್ತು ಒಟ್ಟು ಸಂಖ್ಯೆ ಮಾತ್ರ. ಪಕ್ಕದ ಊರುಗಳನ್ನೂ ಸೇರಿಸಿ ಹರಡುವಿಕೆ ದುಪ್ಪಟ್ಟಾದರೆ, ನಡು ಊರಿನ ಅದೇ ಜಂಕ್ಷನ್‌ಗೂ ರೇಡಿಯಸ್ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಆ ಜಂಕ್ಷನ್‌ನಲ್ಲಿ ಏನೂ ಬದಲಾಗಿಲ್ಲ, ಅಲ್ವಾ? ಇನ್ನು ಡೇಟಾ ಹೆಚ್ಚಿಸಿ ರೇಡಿಯಸ್ ಅರ್ಧ ಮಾಡಬೇಕು ಅಂದರೆ 32 ಪಟ್ಟು ಅಪಘಾತ ಬೇಕು. ಒಂದೇ ದಿಬ್ಬದ ಹಾಗೆ ಹರಡಿರುವ ಡೇಟಾಗೆ ಈ ಸೂತ್ರ ಚೆನ್ನಾಗಿ ಹೊಂದುತ್ತದೆ. ಅಪಘಾತಗಳು ಹಾಗಿರುವುದಿಲ್ಲ. ಅವು ನೂರಾರು ಸಣ್ಣ ಗುಂಪುಗಳಲ್ಲಿ, ರಸ್ತೆಯ ಗೆರೆಗಳ ಮೇಲೆ ಇರುತ್ತವೆ. ಹಾಗಾಗಿ ಈ ರೇಡಿಯಸ್ ಕೊಡುವುದು "ನಡು ಊರಿನಲ್ಲಿ ಅಪಘಾತ ಜಾಸ್ತಿ" ಅನ್ನುವ ದೊಡ್ಡ ಕೆಂಪು ಮಚ್ಚೆಯನ್ನು. ಅದು ಎಲ್ಲರಿಗೂ ಮೊದಲೇ ಗೊತ್ತಿರುವ ಸಂಗತಿ.

ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ರೇಡಿಯಸ್ ಇದಕ್ಕಿಂತ ಕಡಿಮೆ ಇರಬಾರದು ಅನ್ನುವ ಮಿತಿಯನ್ನು ದಾಖಲೆಯಿಂದ ತೆಗೆದುಕೊಂಡೆ. ಇದಕ್ಕಿಂತ ಜಾಸ್ತಿ ಇರಬಾರದು ಅನ್ನುವ ಮಿತಿಯನ್ನು ರಸ್ತೆಯಿಂದ ತೆಗೆದುಕೊಂಡೆ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದನ್ನಷ್ಟೇ ಲೆಕ್ಕಕ್ಕೆ ಬಿಟ್ಟೆ.

ಕೆಳಗಿನ ಮಿತಿ ಅಂದರೆ ಜಾಗದ ತಪ್ಪು. ಅಪಘಾತದ ಬಿಂದು ನಿಜವಾದ ಜಾಗದಿಂದ ಎಷ್ಟು ದೂರ ಇರಬಹುದೋ ಅದಕ್ಕಿಂತ ಚಿಕ್ಕ ರೇಡಿಯಸ್‌ಗೆ ಅರ್ಥವಿಲ್ಲ. ಒಂದೇ ಜಂಕ್ಷನ್‌ನ ಅಪಘಾತಗಳೇ ಒಂದನ್ನೊಂದು ಮುಟ್ಟದೆ ಬಿಡಿಬಿಡಿಯಾಗಿ ಕಾಣುತ್ತವೆ. ಈ ತಪ್ಪನ್ನು ಅಳೆಯಲು ವಿವರಣೆಯ ಸಾಲುಗಳು ತುಂಬಾ ಸಹಾಯ ಮಾಡಿದವು. ವಿವರಣೆಯಲ್ಲಿ ಜಂಕ್ಷನ್‌ನ ಹೆಸರು ಖಚಿತವಾಗಿ ಇರುವ ದಾಖಲೆಗಳನ್ನು ಆರಿಸಿದೆ. ಆ ಜಂಕ್ಷನ್‌ನ ನಡುವಿನಿಂದ ದಾಖಲೆಯ ಬಿಂದು ಎಷ್ಟು ದೂರ ಇದೆ ಅಂತ ಅಳೆದೆ. ಬಹುಪಾಲು 60 ಮೀಟರ್ ಒಳಗೇ ಇದ್ದವು. ಇದರಲ್ಲಿ ಜಂಕ್ಷನ್‌ನ ಸ್ವಂತ ಅಗಲವೂ ಸೇರಿದೆ. ಹಾಗಾಗಿ 75 ಮೀಟರ್‌ಗಿಂತ ಕೆಳಗೆ ಹೋಗುವುದು ಬೇಡ ಅಂತ ನಿರ್ಧರಿಸಿದೆ.

ಇದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಕೆಲವು ಜಾಗಗಳಲ್ಲಿ ಹತ್ತಾರು ಅಪಘಾತಗಳಿಗೆ ಒಂದೇ ಅಕ್ಷಾಂಶ-ರೇಖಾಂಶ ಇತ್ತು, ದಶಾಂಶದ ಕೊನೆಯ ಅಂಕಿಯವರೆಗೂ ಒಂದೇ. ವಿವರಣೆ ಓದಿದರೆ ರಸ್ತೆಗಳು ಬೇರೆ ಬೇರೆ. ಸ್ಥಳದಲ್ಲಿ ನಿಂತು ಬಿಂದು ಗುರುತಿಸದೆ, ಆಮೇಲೆ ಕಚೇರಿಯಲ್ಲಿ ಕೂತು ತುಂಬಿಸಿದಾಗ ಹೀಗಾಗುತ್ತದೆ. ಇಂಥ ರಾಶಿ ಯಾವ ರೇಡಿಯಸ್‌ನಲ್ಲೂ ಪಟ್ಟಿಯ ಮೇಲ್ಭಾಗಕ್ಕೆ ಬಂದು ಕೂರುತ್ತದೆ. ಕಂಡುಹಿಡಿಯುವುದು ಸುಲಭ. ನಿರ್ದೇಶಾಂಕದ ಪ್ರಕಾರ ಗುಂಪು ಮಾಡಿ, ಎಣಿಸಿ, ದೊಡ್ಡ ಗುಂಪುಗಳ ವಿವರಣೆ ಓದಬೇಕು. ಎಲ್ಲ ವಿವರಣೆಯೂ ಅದೇ ಜಂಕ್ಷನ್ ಹೇಳಿದರೆ ಇಟ್ಟುಕೊಂಡೆ. ರಸ್ತೆಯ ಹೆಸರು ಗೊತ್ತಾಗುವಂತಿದ್ದರೆ ಸರಿಯಾದ ಜಾಗಕ್ಕೆ ಸರಿಸಿದೆ. ಉಳಿದವನ್ನು ಮ್ಯಾಪಿನಿಂದ ತೆಗೆದು, ಜಾಗ ಗೊತ್ತಿಲ್ಲದವು ಅಂತ ವರದಿಯಲ್ಲಿ ಬೇರೆಯಾಗಿ ತೋರಿಸಿದೆ.

ಮೇಲಿನ ಮಿತಿಗೆ ಬರೋಣ. ನನಗೆ ಈ ಕೆಲಸದಲ್ಲಿ ಅತ್ಯಂತ ಮುಖ್ಯ ಅನಿಸಿದ ಭಾಗ ಇದು. ಒಂದು ನೇರ ರಸ್ತೆ, ಅದರಲ್ಲಿ 400 ಮೀಟರ್ ಅಂತರದಲ್ಲಿ ಎರಡು ಜಂಕ್ಷನ್, ಒಂದೊಂದರಲ್ಲಿ 10 ಅಪಘಾತ, ನಡುವೆ ಒಂದೂ ಇಲ್ಲ ಅಂತ ಇಟ್ಟುಕೊಳ್ಳಿ. ಮೇಲಿನ ಸೂತ್ರವನ್ನೇ ಬಳಸಿ ಕೈಯಲ್ಲೇ ಲೆಕ್ಕ ಹಾಕಬಹುದು.

ರೇಡಿಯಸ್ 200 ಆದರೆ ಪ್ರತಿ ಜಂಕ್ಷನ್‌ನಲ್ಲಿ 10, ನಟ್ಟನಡುವೆ 0. ನಿಜಕ್ಕೆ ಹತ್ತಿರವಾದ ಚಿತ್ರ. ರೇಡಿಯಸ್ 300 ಆದರೆ ಜಂಕ್ಷನ್‌ನಲ್ಲಿ ಈಗಲೂ 10, ನಡುವೆ 6.2. ಎರಡು ದಿಬ್ಬ ಇನ್ನೂ ಬೇರೆಯಾಗಿಯೇ ಕಾಣುತ್ತವೆ, ಆದರೆ ನಡುವಿನ ತಗ್ಗು ತುಂಬುತ್ತಿದೆ. ಈಗ 500 ಮಾಡಿ. ಜಂಕ್ಷನ್‌ನಲ್ಲಿ 10 ಕ್ಕೆ ಆ ಕಡೆಯ ಜಂಕ್ಷನ್‌ನಿಂದ 1.3 ಸೇರಿ 11.3 ಆಗುತ್ತದೆ. ನಡುವೆ? ಎರಡೂ ಕಡೆಯ 20 ಅಪಘಾತಗಳಿಂದ 0.7056 ರಂತೆ, ಒಟ್ಟು 14.1. ಅಂದರೆ ಒಂದೂ ಅಪಘಾತ ಆಗದ ಜಾಗವೇ ಅತಿ ಕೆಂಪಾಗಿ ಕಾಣುತ್ತದೆ! ಮ್ಯಾಪ್ ಹಿಡಿದು ಸ್ಥಳಕ್ಕೆ ಹೋದ ಎಂಜಿನಿಯರ್ ನೇರವಾದ, ತೊಂದರೆಯೇ ಇಲ್ಲದ ರಸ್ತೆಯ ಮಧ್ಯೆ ನಿಂತಿರುತ್ತಾರೆ. ಲೆಕ್ಕ ಮಾಡಿದರೆ ಈ ತಿರುವು ಸುಮಾರು 370 ಮೀಟರ್‌ನಲ್ಲಿ ಆಗುತ್ತದೆ, ಅಂದರೆ ಜಂಕ್ಷನ್ ಅಂತರದ 0.92 ರಷ್ಟರಲ್ಲಿ. ಅಲ್ಲಿಂದ ಮುಂದೆ ನಡುವಿನ ಜಾಗ ಜಂಕ್ಷನ್‌ಗಿಂತ ಎತ್ತರ.

ನಿಜವಾದ ರಸ್ತೆಯಲ್ಲಿ ಎಲ್ಲ ಅಪಘಾತವೂ ಜಂಕ್ಷನ್‌ನ ನಡುಬಿಂದುವಿನಲ್ಲಿ ಆಗುವುದಿಲ್ಲ, ಸ್ವಲ್ಪ ಚದುರಿರುತ್ತದೆ. ಆಗ ಎರಡು ಗುಂಪುಗಳು ಇನ್ನೂ ಚಿಕ್ಕ ರೇಡಿಯಸ್‌ನಲ್ಲೇ ಬೆರೆಯುತ್ತವೆ. ಹಾಗಾಗಿ ರೇಡಿಯಸ್ ಜಂಕ್ಷನ್ ಅಂತರದ ಅರ್ಧವನ್ನು ಹೆಚ್ಚು ದಾಟಬಾರದು ಅನ್ನುವ ನಿಯಮ ಇಟ್ಟುಕೊಂಡೆ. ನಾನು ನೋಡುತ್ತಿದ್ದ ಮುಖ್ಯ ರಸ್ತೆಗಳಲ್ಲಿ ದೊಡ್ಡ ಜಂಕ್ಷನ್‌ಗಳ ನಡುವೆ ಸಾಮಾನ್ಯವಾಗಿ 350 ರಿಂದ 500 ಮೀಟರ್ ಇತ್ತು. ಮೇಲಿನ ಮಿತಿ 225 ಅಂತ ಹಾಕಿಕೊಂಡೆ. ಈಗ ಹುಡುಕಾಟ 75 ಮತ್ತು 225 ರ ನಡುವೆ ಮಾತ್ರ. ಸಾಫ್ಟ್‌ವೇರ್ ಸೂಚಿಸುವ 700 ಚಿಲ್ಲರೆ ಮೀಟರ್ ಈ ಗಡಿಯಿಂದ ಎಷ್ಟೋ ಹೊರಗೆ.

ಲೆಕ್ಕಕ್ಕೆ ಹೋಗುವ ಮೊದಲು ರಸ್ತೆಯ ಜಾಲದ ಬಗ್ಗೆ ಒಂದು ಮಾತು. ಸಾಮಾನ್ಯ ಕರ್ನೆಲ್ ಮ್ಯಾಪ್ ಅಪಘಾತ ಎಲ್ಲಿ ಬೇಕಾದರೂ ಆಗಬಹುದು ಅಂತ ಭಾವಿಸುತ್ತದೆ, ಮನೆಗಳ ಮೇಲೂ, ಕೆರೆಯ ಮೇಲೂ. ನಿಜದಲ್ಲಿ ಅವು ರಸ್ತೆಯ ಮೇಲೆ ಮಾತ್ರ ಆಗುತ್ತವೆ. ರೇಡಿಯಸ್ 200 ಇಟ್ಟಾಗ ನಾಲ್ಕು ರಸ್ತೆ ಸೇರುವ ಜಂಕ್ಷನ್‌ನ ಸುತ್ತ 800 ಮೀಟರ್ ರಸ್ತೆ ಒಳಗೆ ಬರುತ್ತದೆ. ರಸ್ತೆಯ ನಡುವೆ ನಿಂತರೆ 400 ಮೀಟರ್ ಅಷ್ಟೇ. ಪ್ರತಿ ಮೀಟರ್‌ಗೆ ಅಪಘಾತ ಒಂದೇ ಸಮ ಇದ್ದರೂ ಜಂಕ್ಷನ್ ದುಪ್ಪಟ್ಟು ಬಿಸಿಯಾಗಿ ಕಾಣುತ್ತದೆ. ಹತ್ತಿರದಲ್ಲೇ ಸಮಾನಾಂತರವಾಗಿ ಹೋಗುವ ಎರಡು ರಸ್ತೆಗಳೂ ಹೀಗೆಯೇ ಒಂದಕ್ಕೊಂದು ಎತ್ತರ ಕೊಡುತ್ತವೆ. ಫ್ಲೈಓವರ್ ಮತ್ತು ಅದರ ಕೆಳಗಿನ ರಸ್ತೆ ಮ್ಯಾಪಿನಲ್ಲಿ ಒಂದೇ ಜಾಗದಲ್ಲಿರುತ್ತವೆ, ಅಲ್ಲಿ ವಿವರಣೆ ಓದದೆ ಬೇರೆ ದಾರಿಯೇ ಇಲ್ಲ. ಅದಕ್ಕೇ ಡೆನ್ಸಿಟಿಯನ್ನು ಚದರ ಕಿಲೋಮೀಟರ್‌ಗೆ ಬದಲು ರಸ್ತೆಯ ಕಿಲೋಮೀಟರ್‌ಗೆ ಲೆಕ್ಕ ಹಾಕಿದೆ. R ಭಾಷೆಯ `spatstat` ಪ್ಯಾಕೇಜ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಕೆಳಗೆ `pts` ಅಂದರೆ ಅಪಘಾತದ ಬಿಂದುಗಳು, `net` ಅಂದರೆ ರಸ್ತೆಯ ಜಾಲ. ಪ್ರತಿ ಬಿಂದುವನ್ನೂ ಹತ್ತಿರದ ರಸ್ತೆಗೆ ಕೂರಿಸಿ, ಆಮೇಲೆ ಓಡಿಸಿದೆ:

```r
library(spatstat)
X <- lpp(pts, net)
X <- rjitter(X, radius = 20)
b <- bw.lppl(X, srange = c(20, 120), distance = "euclidean")
plot(b)
D <- density(X, sigma = as.numeric(b), distance = "euclidean")
```

`bw.lppl` ಮಾಡುವುದು ಹೀಗೆ: ಒಂದು ಅಪಘಾತವನ್ನು ಬದಿಗಿಟ್ಟು, ಉಳಿದವುಗಳಿಂದ ಅದರ ಜಾಗದ ಡೆನ್ಸಿಟಿ ಅಂದಾಜು ಮಾಡುತ್ತದೆ. ಹೀಗೆ ಎಲ್ಲಕ್ಕೂ ಮಾಡಿ, ಯಾವ ಅಗಲದಲ್ಲಿ ಅಂದಾಜು ಅತ್ಯುತ್ತಮವೋ ಅದನ್ನು ಆರಿಸುತ್ತದೆ. ಇಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು, ಒಂದೇ ನಿರ್ದೇಶಾಂಕದ ಜೋಡಿಗಳು. ಬದಿಗಿಟ್ಟ ಬಿಂದುವಿನ ಮೇಲೆಯೇ ಇನ್ನೊಂದು ಬಿಂದು ಇದ್ದರೆ, ಅಗಲ ಕಡಿಮೆ ಮಾಡಿದಷ್ಟೂ ಅಂದಾಜು ಚೆನ್ನಾಗಿದೆ ಅಂತಲೇ ಲೆಕ್ಕ ಹೇಳುತ್ತದೆ. ಕೊನೆಗೆ ಕೊಟ್ಟ ವ್ಯಾಪ್ತಿಯ ಅತಿ ಚಿಕ್ಕ ಸಂಖ್ಯೆಯನ್ನೇ ಉತ್ತರವಾಗಿ ಕೊಡುತ್ತದೆ. `plot(b)` ನೋಡುವುದು ಇದಕ್ಕಾಗಿಯೇ. ಉತ್ತಮ ಬಿಂದು ಗೆರೆಯ ನಡುವೆ ಇದ್ದರೆ ನಂಬಬಹುದು. ತುದಿಗೆ ಅಂಟಿಕೊಂಡಿದ್ದರೆ ಅದು ಉತ್ತರವೇ ಅಲ್ಲ. `rjitter` ಬಿಂದುಗಳನ್ನು ಸ್ವಲ್ಪ ಅಲುಗಿಸಿ ಈ ತೊಂದರೆ ತಪ್ಪಿಸುತ್ತದೆ. ಜಾಗದ ತಪ್ಪು ಹೇಗೂ ಅದಕ್ಕಿಂತ ಜಾಸ್ತಿ ಇರುವುದರಿಂದ 20 ಮೀಟರ್ ಅಲುಗಿಸಿದರೆ ನಾವು ಏನನ್ನೂ ಕಳೆದುಕೊಳ್ಳುವುದಿಲ್ಲ.

ಎರಡು, `sigma` ಮತ್ತು ರೇಡಿಯಸ್ ಒಂದೇ ಅಲ್ಲ. `spatstat` ಕೊಡುವುದು ಗಾಸಿಯನ್ ಕರ್ನೆಲ್‌ನ ಮಾನಕ ವಿಚಲನೆಯನ್ನು. QGIS ಕೇಳುವುದು ಗುಪ್ಪೆ ಪೂರ್ತಿ ಮುಗಿಯುವ ಅಂಚನ್ನು. ಕ್ವಾರ್ಟಿಕ್ ಕರ್ನೆಲ್‌ನಲ್ಲಿ ಒಂದು ದಿಕ್ಕಿನ ವಿಚಲನೆ ರೇಡಿಯಸ್ಸನ್ನು 2.83 ರಿಂದ ಭಾಗಿಸಿದಷ್ಟು. ನನಗೆ `sigma` 55 ರ ಆಸುಪಾಸು ಬಂತು. ಅದಕ್ಕೆ ಸರಿಯಾದ ರೇಡಿಯಸ್ ಸುಮಾರು 155 ಮೀಟರ್. ಇದನ್ನು ಗಮನಿಸದೆ 55 ಅನ್ನೇ QGIS ನಲ್ಲಿ ಬರೆದರೆ ಮೂರು ಪಟ್ಟು ಚಿಕ್ಕ ಗುಪ್ಪೆ ಸಿಗುತ್ತದೆ. ಬೇರೆಯವರ ವರದಿಯಲ್ಲಿ "ಬ್ಯಾಂಡ್‌ವಿಡ್ತ್ 100 ಮೀಟರ್" ಅಂತ ಕಂಡಾಗಲೂ ಯಾವ ಅರ್ಥದಲ್ಲಿ ಅಂತ ನೋಡಬೇಕು. ಎರಡು ಅರ್ಥಗಳಲ್ಲಿ ಮ್ಯಾಪ್ ಪೂರ್ತಿ ಬೇರೆ.

155 ನನ್ನ ಎರಡು ಮಿತಿಗಳ ನಡುವೆ ಬಂದದ್ದು ಸಮಾಧಾನ ಕೊಟ್ಟಿತು. ಆದರೂ ನಮಗೆ ಬೇಕಿರುವುದು ಹಳೆಯ ಅಪಘಾತಗಳ ಚಂದದ ಚಿತ್ರ ಅಲ್ಲ, ಮುಂದೆ ಎಲ್ಲಿ ಆಗುತ್ತವೆ ಅನ್ನುವ ಸುಳಿವು. ಅದಕ್ಕೆ ವರ್ಷದ ಪ್ರಕಾರ ಡೇಟಾ ಒಡೆದೆ. ಮೊದಲ ಮೂರು ವರ್ಷದಿಂದ ಮ್ಯಾಪ್ ಮಾಡುವುದು, ನಾಲ್ಕನೇ ವರ್ಷದ ಅಪಘಾತಗಳ ಮೇಲೆ ಪರೀಕ್ಷೆ ಮಾಡುವುದು. ರಸ್ತೆಯನ್ನು 10 ಮೀಟರ್ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಡೆನ್ಸಿಟಿ ಕೊಟ್ಟೆ. ಅತಿ ಹೆಚ್ಚು ಡೆನ್ಸಿಟಿಯ ತುಂಡುಗಳನ್ನು ಒಟ್ಟು ಉದ್ದದ 2% ಆಗುವವರೆಗೆ ಆರಿಸಿದೆ. ಆ 2% ರಸ್ತೆಯಲ್ಲಿ ನಾಲ್ಕನೇ ವರ್ಷದ ಎಷ್ಟು ಶೇಕಡಾ ಅಪಘಾತ ಬಿದ್ದವು ಅಂತ ಎಣಿಸಿದೆ. ಅಪರಾಧದ ಹಾಟ್‌ಸ್ಪಾಟ್ ಅಳೆಯಲು 2008 ರಲ್ಲಿ ಚೈನಿ ಮತ್ತು ಸಂಗಡಿಗರು ಕೊಟ್ಟ PAI ಅನ್ನುವ ಅಳತೆ ಇದೇ ರೀತಿಯದು. 2% ರಸ್ತೆಯಲ್ಲಿ 18% ಅಪಘಾತ ಸಿಕ್ಕರೆ 18 ಭಾಗಿಸು 2, ಅಂದರೆ PAI 9.

ರಸ್ತೆಯ ಪಾಲನ್ನು ಎಲ್ಲ ರೇಡಿಯಸ್‌ಗೂ ಒಂದೇ ಇಡುವುದು ಇಲ್ಲಿ ತುಂಬಾ ಮುಖ್ಯ. ಒಂದಕ್ಕೆ 2%, ಇನ್ನೊಂದಕ್ಕೆ ಅರ್ಧ ಶೇಕಡಾ ಅಂತಾದರೆ ಸುಮ್ನೆ ಚಿಕ್ಕ ಜಾಗ ಆರಿಸಿದ್ದೇ ಗೆಲ್ಲುತ್ತದೆ.

75 ರಿಂದ 400 ಮೀಟರ್‌ವರೆಗೆ 25 ಮೀಟರ್ ಹೆಜ್ಜೆಯಲ್ಲಿ ಓಡಿಸಿದೆ. ಮಿತಿಯನ್ನು ಬೇಕೆಂದೇ ದಾಟಿ ನೋಡಿದೆ, ಮಿತಿ ಸರಿಯಾಗಿದೆಯಾ ಅಂತ ತಿಳಿಯಲು. PAI ಗೆರೆ ಚೂಪಾದ ಶಿಖರದ ಹಾಗೆ ಬರಲಿಲ್ಲ. 75 ರಿಂದ 125 ರವರೆಗೆ ಏರಿತು, 125 ರಿಂದ 200 ರವರೆಗೆ ಹೆಚ್ಚುಕಮ್ಮಿ ಸಮತಟ್ಟಾಗಿತ್ತು, 250 ದಾಟಿದ ಮೇಲೆ ಇಳಿಯುತ್ತಾ ಹೋಯಿತು. ಚಿಕ್ಕ ರೇಡಿಯಸ್‌ನಲ್ಲಿ ಕಡಿಮೆ ಬರಲು ಕಾರಣ ಸ್ಪಷ್ಟ. ಅಲ್ಲಿ ಮ್ಯಾಪ್ ಹಳೆಯ ಎರಡು ಮೂರು ಅಪಘಾತ ಅಕಸ್ಮಾತ್ ಒಟ್ಟಿಗೆ ಬಿದ್ದ ಜಾಗಗಳನ್ನೂ ಆರಿಸಿಕೊಳ್ಳುತ್ತದೆ, ಮರುವರ್ಷ ಅಲ್ಲಿ ಏನೂ ಆಗುವುದಿಲ್ಲ. ದೊಡ್ಡ ರೇಡಿಯಸ್‌ನಲ್ಲಿ 2% ರಸ್ತೆಯ ಒಂದು ಪಾಲು ಜಂಕ್ಷನ್‌ಗಳ ನಡುವಿನ ಶಾಂತ ಭಾಗಕ್ಕೆ ಹೋಗಿಬಿಡುತ್ತದೆ. ಸಮತಟ್ಟಾದ ಭಾಗದಲ್ಲಿ ಎಲ್ಲಿ ನಿಂತರೂ ನಡೆಯುತ್ತದೆ. ನಾನು 150 ಆರಿಸಿದೆ.

ಇದೇ ಪರೀಕ್ಷೆಯಿಂದ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ. ಪಟ್ಟಿಯ ಮೇಲ್ಭಾಗದ ಜಾಗಗಳಲ್ಲಿ ನಾಲ್ಕನೇ ವರ್ಷದ ಅಪಘಾತ ಹಿಂದಿನ ಮೂರು ವರ್ಷದ ಸರಾಸರಿಗಿಂತ ಕಡಿಮೆ ಇರುತ್ತದೆ, ಯಾರೂ ಏನೂ ಸರಿಪಡಿಸದಿದ್ದರೂ. ಕೆಟ್ಟ ವರ್ಷಗಳನ್ನು ನೋಡಿಯೇ ಆ ಜಾಗ ಆರಿಸಿರುತ್ತೇವೆ, ಆಮೇಲೆ ಅದು ತನ್ನ ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ರಸ್ತೆ ಉಬ್ಬು ಹಾಕಿದ ಮೇಲೆ ಇಷ್ಟು ಕಡಿಮೆಯಾಯಿತು ಅಂತ ಲೆಕ್ಕ ಕೊಡುವವರು ಈ ಇಳಿಕೆಯನ್ನು ಮೊದಲು ಕಳೆಯಬೇಕು.

ತೀವ್ರತೆಗೆ ತೂಕ ಕೊಡಿ ಅಂತ ಸಾಮಾನ್ಯವಾಗಿ ಕೇಳುತ್ತಾರೆ. ಸಾವಿಗೆ 10, ಉಳಿದದ್ದಕ್ಕೆ 1 ಅಂತ. ಅದು ನ್ಯಾಯವೇ, ಆದರೆ ರೇಡಿಯಸ್ ಮೇಲೆ ಅದರ ಪರಿಣಾಮ ಇದೆ. 100 ಅಪಘಾತದಲ್ಲಿ 10 ಕ್ಕೆ ತೂಕ 10, 90 ಕ್ಕೆ ತೂಕ 1 ಇದ್ದರೆ, ತೂಕಗಳ ಮೊತ್ತದ ವರ್ಗವನ್ನು ವರ್ಗಗಳ ಮೊತ್ತದಿಂದ ಭಾಗಿಸಿ: 36,100 ಭಾಗಿಸು 1,090, ಅಂದರೆ 33. ನೂರು ಅಪಘಾತದ ಡೇಟಾ 33 ಅಪಘಾತದಷ್ಟು ತೆಳುವಾಯಿತು. ಒಂದೇ ಒಂದು ಸಾವು ಹಾಟ್‌ಸ್ಪಾಟ್ ಆಗಿ ಕಾಣಲು ಶುರುವಾಗುತ್ತದೆ. ಹಾಗಾಗಿ ನಾನು ತೂಕ ಇಲ್ಲದ ಮ್ಯಾಪಿನಿಂದ ಜಾಗಗಳನ್ನು ಗುರುತಿಸಿ, ಆ ಜಾಗಗಳ ನಡುವೆ ಯಾವುದು ಮೊದಲು ಅನ್ನುವುದಕ್ಕೆ ಮಾತ್ರ ತೀವ್ರತೆ ಬಳಸಿದೆ.

150 ಮೀಟರ್ ನಗರದೊಳಗಿನ ರಸ್ತೆಗಳಿಗೆ. ಹೊರಗಿನ ಹೆದ್ದಾರಿಗೆ ಇದನ್ನೇ ಹಾಕಲಿಲ್ಲ. ಅಲ್ಲಿ ಜಾಗವನ್ನು ಕಿಲೋಮೀಟರ್ ಕಲ್ಲಿನಿಂದ ಇಷ್ಟು ದೂರ ಅಂತ ಬರೆಯುತ್ತಾರೆ, ಹತ್ತಿರದ 100 ಮೀಟರ್‌ಗೆ ದುಂಡಾಗಿಸಿ. ಕೆಳಗಿನ ಮಿತಿಯೇ ಮೇಲೆ ಹೋಯಿತು. ಜಂಕ್ಷನ್‌ಗಳು ಕಿಲೋಮೀಟರ್‌ಗಟ್ಟಲೆ ದೂರ ಇರುವುದರಿಂದ ಮೇಲಿನ ಮಿತಿಯೂ ಸಡಿಲ. ವೇಗ ಜಾಸ್ತಿ ಇರುವಲ್ಲಿ ಒಂದು ತಿರುವಿನ ತೊಂದರೆ ಹೆಚ್ಚು ಉದ್ದಕ್ಕೆ ಹರಡುತ್ತದೆ. ಹೆದ್ದಾರಿಯನ್ನು ಬೇರೆ ಮಾಡಿ, ಅದೇ ಪರೀಕ್ಷೆ ನಡೆಸಿ, 300 ಮೀಟರ್ ಇಟ್ಟೆ. ಎರಡನ್ನೂ ಒಂದೇ ಬಣ್ಣದ ಪಟ್ಟಿಯಲ್ಲಿ ತೋರಿಸಲಿಲ್ಲ, ಹೋಲಿಸಬಾರದ ಸಂಖ್ಯೆಗಳು ಅವು.

ಕೊನೆಯ ಪಟ್ಟಿಯಲ್ಲಿ ಪ್ರತಿ ಜಾಗದ ಮುಂದೆ ಒಂದು ಕಾಲಂ ಸೇರಿಸಿದೆ: 100, 150, 200 ಮೂರರಲ್ಲೂ ಇದೆಯಾ, ಇಲ್ಲ ಒಂದರಲ್ಲಿ ಮಾತ್ರವಾ? ಮೂರರಲ್ಲೂ ಇದ್ದವು ಮೊದಲ ಸಾಲಿಗೆ ಬಂದವು. ಒಂದರಲ್ಲಿ ಮಾತ್ರ ಕಾಣುವವನ್ನು ತೆಗೆಯಲಿಲ್ಲ, ಅವುಗಳ ವಿವರಣೆ ಓದಿದೆ. ಜೊತೆಗೆ ವಾಹನ ಸಂಚಾರದ ಎಣಿಕೆ ಇದ್ದಲ್ಲಿ ಅದನ್ನೂ ಪಕ್ಕದಲ್ಲಿ ಕೊಟ್ಟೆ. ಡೆನ್ಸಿಟಿ ಹೇಳುವುದು ಅಪಘಾತ ಎಷ್ಟು ಅಂತ ಮಾತ್ರ, ಆ ರಸ್ತೆಯಲ್ಲಿ ಹೋಗುವ ಒಬ್ಬರಿಗೆ ಅಪಾಯ ಎಷ್ಟು ಅಂತ ಅಲ್ಲ.

ಪಾದಚಾರಿಗಳ ಅಪಘಾತಕ್ಕೆ ಬೇರೆ ಮ್ಯಾಪ್ ಮಾಡಲೇಬೇಕು ಅಂತ ನನಗೆ ಅನಿಸುತ್ತದೆ. ಜಂಕ್ಷನ್‌ನಲ್ಲಿ ಬಲಕ್ಕೆ ತಿರುಗುವ ವಾಹನಗಳ ಡಿಕ್ಕಿ, ಅಲ್ಲಿಂದ 80 ಮೀಟರ್ ಆಚೆಯ ಬಸ್ ನಿಲ್ದಾಣದಲ್ಲಿ ರಸ್ತೆ ದಾಟುವವರಿಗೆ ಪೆಟ್ಟು, ಇವೆರಡೂ 150 ಮೀಟರ್ ಗುಪ್ಪೆಯಲ್ಲಿ ಒಂದೇ ಹಾಟ್‌ಸ್ಪಾಟ್ ಆಗಿಬಿಡುತ್ತವೆ. ಒಂದಕ್ಕೆ ಸಿಗ್ನಲ್‌ನ ಸಮಯ ಬದಲಿಸಬೇಕು, ಇನ್ನೊಂದಕ್ಕೆ ದಾಟುವ ಜಾಗ ಬೇಕು. ಪಾದಚಾರಿಗಳನ್ನು ಮಾತ್ರ ತೆಗೆದುಕೊಂಡು ಅದೇ ಎರಡು ಮಿತಿಯೊಳಗೆ ಮತ್ತೆ ವರ್ಷದ ಪರೀಕ್ಷೆ ಮಾಡಿದೆ. ಸಂಖ್ಯೆ ಕಡಿಮೆ ಇದ್ದುದರಿಂದ ಉತ್ತರ ಸ್ವಲ್ಪ ದೊಡ್ಡದಾಗಿ, 200 ರ ಹತ್ತಿರ ಬಂತು. ಸೈಕಲ್ ಸವಾರರ ಅಪಘಾತಕ್ಕೂ ಹೀಗೇ ಮಾಡಲು ಹೋದಾಗ ಒಂದು ರೇಡಿಯಸ್‌ನ ಪಟ್ಟಿಗೂ ಇನ್ನೊಂದರ ಪಟ್ಟಿಗೂ ಹೊಂದಿಕೆಯೇ ಇರಲಿಲ್ಲ. ಅಲ್ಲಿ ಕರ್ನೆಲ್ ಮ್ಯಾಪ್ ಮಾಡುವಷ್ಟು ಡೇಟಾ ಇಲ್ಲ ಅಂತ ಅರ್ಥ. ಆ ಅಪಘಾತಗಳನ್ನು ಬಿಂದುಗಳಾಗಿಯೇ, ಒಂದೊಂದರ ವಿವರಣೆಯ ಜೊತೆ ವರದಿಗೆ ಸೇರಿಸಿ ಕೊಟ್ಟೆ.